"ಎಐ ಚಿತ್ರ" ಅಂತ ಬರೆದರೆ ಸಾಲದು, ಆ ಮುಖದವರನ್ನ ಕೇಳಿದಿರಾ?



ಪೋಸ್ಟ್ ಸ್ವಲ್ಪ ಉದ್ದ ಇದೆ. ಪೋಸ್ಟರ್ ಮಾಡುವ ತಮ್ಮಂದಿರು, ತಂಗಿಯರು, ಗ್ರೂಪ್ ಅಡ್ಮಿನ್‌ಗಳು ದಯವಿಟ್ಟು ಪೂರ್ತಿ ಓದಿ. ಬೈಯೋಕೆ ಬರೀತಿಲ್ಲ. ನಮ್ಮ ಕೆಲಸಕ್ಕೇ ಪೆಟ್ಟು ಬೀಳ್ತಿದೆ, ಅದಕ್ಕೆ ಬರೀತಿದ್ದೀನಿ.

ಈಗ ಧರಣಿಯ ಫೋಟೊ ಬಂದ ಅರ್ಧ ಗಂಟೆಗೆ ಅದರ ಎಐ ಚಿತ್ರವೂ ಬರುತ್ತೆ. ನಿಜವಾದ ಹೆಂಗಸಿನ ಮುಖ ತಗೊಂಡು, ಹಿಂದೆ ಕೆಂಪು ಆಕಾಶ, ಕೈಯಲ್ಲಿ ನೀಲಿ ಬಾವುಟ, ಕಣ್ಣಲ್ಲಿ ನೀರು ಹಾಕ್ತಾರೆ. ನೋಡೋಕೆ ಜೋರಾಗಿರುತ್ತೆ, ಶೇರ್ ಚೆನ್ನಾಗಿ ಆಗುತ್ತೆ. "ಎಐ ಅಂತ ಕೆಳಗೆ ಬರೆದಿದ್ದೀವಲ್ಲ ಅಣ್ಣ, ಇನ್ನೇನು?" ಅಂತ ಕೇಳ್ತಾರೆ.

ನನ್ನ ಮಾತು ಇಷ್ಟೇ. ನಿಜವಾದ ಮನುಷ್ಯರ ಫೋಟೊದಿಂದ ಎಐ ಚಿತ್ರ ಮಾಡಿದಾಗ ನಮ್ಮ ಮೇಲೆ ಎರಡು ಸಾಲ ಬೀಳುತ್ತೆ. ಇದನ್ನ ಹೇಗೆ ಮಾಡಿದ್ದು ಅಂತ ನೋಡುವವರಿಗೆ ಹೇಳುವುದು ಒಂದು ಸಾಲ. ಹೀಗೆ ಮಾಡಬಹುದಾ ಅಂತ ಫೋಟೊದಲ್ಲಿರುವವರನ್ನ ಕೇಳುವುದು ಇನ್ನೊಂದು. ಒಂದನ್ನ ತೀರಿಸಿದರೆ ಇನ್ನೊಂದು ತೀರಲ್ಲ. ಲೇಬಲ್ ಹಾಕಿದ ಮಾತ್ರಕ್ಕೆ ಆಕೆ ಒಪ್ಪಿದ ಹಾಗಾಗಲ್ಲ. ಆಕೆ ಒಪ್ಪಿದ್ದಾಳೆ ಅಂತ ನೋಡುವವರಿಂದ ಮುಚ್ಚಿಡೋ ಹಕ್ಕೂ ನಮಗೆ ಬರಲ್ಲ.

ನನಗೆ ಗೊತ್ತಿರುವ ಒಂದು ಪ್ರಕರಣ ಹೇಳ್ತೀನಿ. ಊರು, ಹೆಸರು ಬೇಡ. ಗುತ್ತಿಗೆ ಪೌರಕಾರ್ಮಿಕರು ಮೂರು ತಿಂಗಳ ಬಾಕಿ ಸಂಬಳಕ್ಕಾಗಿ ಧರಣಿ ಕೂತಿದ್ದರು. ಬೀದಿ ಗುಡಿಸುವ ಒಬ್ಬ ಅಕ್ಕ ಪೊರಕೆ ಹಿಡಿದು ಮುಂದಿನ ಸಾಲಲ್ಲಿ ಕೂತಿದ್ದ ಫೋಟೊ ಒಂದಿತ್ತು. ಬೆಂಬಲ ಕೊಡೋಕೆ ಹೊರಟ ಇನ್ನೊಂದು ಗ್ರೂಪಿನ ಹುಡುಗರು ಆ ಫೋಟೊ ತಗೊಂಡು, ಆಕೆ ಎದೆಮಟ್ಟದ ಮ್ಯಾನ್‌ಹೋಲ್ ಒಳಗೆ ನಿಂತ ಹಾಗೆ, ಮೈಯೆಲ್ಲ ಮಲ ಮೆತ್ತಿದ ಹಾಗೆ ಎಐನಲ್ಲಿ ಚಿತ್ರ ಮಾಡಿದರು. ಅವರ ಉದ್ದೇಶ ಒಳ್ಳೇದೇ ಇತ್ತು. ಕ್ಯಾಪ್ಷನ್‌ನಲ್ಲಿ "ಎಐ ಚಿತ್ರ" ಅಂತಾನೂ ಬರೆದಿದ್ದರು.

ಎರಡು ದಿನದಲ್ಲಿ ಮೂರು ಕಡೆಯಿಂದ ಹೊಡೆತ ಬಿತ್ತು. ಫಾರ್ವರ್ಡ್ ಆಗ್ತಾ ಆಗ್ತಾ ಕ್ಯಾಪ್ಷನ್ ಉದುರಿಹೋಗಿ ಬರೀ ಚಿತ್ರ ಉಳೀತು. ಅದು ಅಕ್ಕನ ತವರಿನ ಕಡೆಯವರ ಫೋನಿಗೂ ಹೋಯ್ತು. ಆಗ ಮಗಳಿಗೆ ಸಂಬಂಧ ನೋಡ್ತಿದ್ದರು. "ನಿಮ್ಮವ್ವ ಗುಂಡಿಗಿಳೀತಾಳಂತೆ" ಅನ್ನೋ ಮಾತು ಬಂತು. ಆಕೆ ಇಪ್ಪತ್ತು ವರ್ಷ ಬೀದಿ ಗುಡಿಸಿದ್ದಾರೆ, ಒಂದು ದಿನವೂ ಮ್ಯಾನ್‌ಹೋಲ್‌ಗೆ ಇಳಿದಿಲ್ಲ. ಇನ್ನೊಂದು ಕಡೆ, ಮುಖ ಗುರುತು ಹಿಡಿದ ಮೇಸ್ತ್ರಿ "ನಮ್ಮ ಮೇಲೆ ಕೇಸ್ ಹಾಕಿಸೋಕೆ ಪೋಸ್ ಕೊಟ್ಟಿದ್ದೀಯಾ?" ಅಂತ ಹಾಜರಿ ಹಾಕೋದು ನಿಲ್ಲಿಸಿದ. ಮೂರನೇದು ಕಚೇರಿಯಿಂದ ಬಂತು. ಮನವಿ ಕೊಡೋಕೆ ಹೋದಾಗ ಅಧಿಕಾರಿ ಫೋನ್ ತೋರಿಸಿ "ನೋಡ್ರಿ, ಇದೆಲ್ಲ ಎಐ ಅಂತೆ, ಇಂಥ ಹೆಂಗಸು ಇಲ್ವೇ ಇಲ್ಲ, ನಿಮ್ಮ ಸಂಬಳದ ಲೆಕ್ಕವೂ ಹೀಗೇನಾ?" ಅಂದರು.

ಇದನ್ನ ಸ್ವಲ್ಪ ಯೋಚನೆ ಮಾಡಿ. ಲೇಬಲ್ ಇಲ್ಲದ ಚಿತ್ರ ನೋಡಿದ ನೆಂಟರು ಗುಂಡಿಯೂ ನಿಜ ಅಂದುಕೊಂಡರು. ಲೇಬಲ್ ಇದ್ದ ಚಿತ್ರ ನೋಡಿದ ಅಧಿಕಾರಿ ಹೆಂಗಸೂ ಸುಳ್ಳು ಅಂದುಬಿಟ್ಟರು. ಎರಡು ಕಡೆಯೂ ನಷ್ಟ ಆಗಿದ್ದು ಆ ಅಕ್ಕನಿಗೇ. ಮೂರು ತಿಂಗಳ ಸಂಬಳದ ಮಾತು ಮಧ್ಯದಲ್ಲಿ ಕಳೆದೇ ಹೋಯ್ತು.

ನಾನು ಫೋನ್ ಮಾಡಿದಾಗ ಆಕೆ ಹೇಳಿದ್ದು, "ಅಣ್ಣ, ನನ್ನ ಫೋಟೊ ಹಾಕ್ಕೊಳ್ಳಿ, ನಾನೇನ್ ಕದ್ದು ಕೂತಿರ್ಲಿಲ್ಲ. ಆದ್ರೆ ಅದು ನಾನಲ್ಲ ಕಣಣ್ಣ. ನನ್ನ ಮೂಗುಬಟ್ಟೂ ತೆಗೆದವ್ರೆ, ಬಣ್ಣಾನೂ ತೆಗೆದವ್ರೆ. ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವಾ, ಗುಂಡಿ ಬ್ಯಾಡ, ಸಂಬಳದ ಚೀಟಿ ಹಿಡ್ಕಂಡಿರೋ ಹಂಗೆ ಮಾಡಿ ಅಂತ?" ಆ ಪೋಸ್ಟರ್‌ಗೆ ಏನು ಬೇಕು ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಆಕೆಗೇ. ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಆಕೆ ಬಣ್ಣದ ಮಾತು ಹೇಳಿದರಲ್ಲ, ಅದು ಯಾಕೆ ಹಾಗಾಗುತ್ತೆ ಅಂತ ತಿಳ್ಕೊಳ್ಳಬೇಕು. ತುಂಬಾ ಜನ "ಎಐಗೆ ಹಾಕಿ ಕ್ಲಿಯರ್ ಮಾಡಿದ್ದಷ್ಟೇ, ಏನೂ ಬದಲಿಸಿಲ್ಲ" ಅಂತಾರೆ. ಮಸುಕಾದ ಫೋಟೊದಲ್ಲಿ ಇಲ್ಲದ ವಿವರ ಯಂತ್ರಕ್ಕೆ ಸಿಗೋದು ಎಲ್ಲಿಂದ? ತಾನು ಹಿಂದೆ ಕಲಿತ ಲಕ್ಷಾಂತರ ಮುಖಗಳಿಂದ ಊಹೆ ಮಾಡಿ ತುಂಬುತ್ತೆ. ಅಂದರೆ ಆಕೆಯ ಮುಖವನ್ನ ತೊಳೆದು ಕೊಡ್ತಿಲ್ಲ, ಹೊಸದಾಗಿ ಬರೀತಿದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ ಪಲ್ಸ್ ಅನ್ನೋ ಪ್ರೋಗ್ರಾಂಗೆ ಯಾರೋ ಬರಾಕ್ ಒಬಾಮಾ ಅವರ ಮಸುಕು ಮಾಡಿದ ಫೋಟೊ ಕೊಟ್ಟರು. ಅದು ಒಬ್ಬ ಬಿಳಿಯ ಗಂಡಸಿನ ಮುಖ ಕೊಟ್ಟಿತು. ಜಗತ್ತಿಗೇ ಗೊತ್ತಿರುವ ಮುಖದ ಕಥೆ ಹೀಗಾದರೆ, ನಮ್ಮ ಕೇರಿಯ ಅಕ್ಕನ ಮುಖವನ್ನ ಅದು ಸರಿಯಾಗಿ ಬರೆಯುತ್ತೆ ಅಂತ ನಂಬೋದು ಹೇಗೆ?

ನಮ್ಮ ಕಪ್ಪು ಬಣ್ಣ, ನಮ್ಮ ಮೂಗು, ಹಚ್ಚೆ, ಬಿಸಿಲಿಗೆ ಒಡೆದ ತುಟಿ ಇವೆಲ್ಲ ಯಂತ್ರಕ್ಕೆ ಸರಿಪಡಿಸಬೇಕಾದ ಕೊಳೆ ಥರ ಕಾಣಬಹುದು. ನಮ್ಮ ಮುಖ ನಾವಿರುವ ಹಾಗೇ ಕಾಣಲಿ ಅಂತ ಹೋರಾಡೋ ಚಳವಳಿ, ತನ್ನ ಪೋಸ್ಟರ್‌ನಲ್ಲೇ ಅದನ್ನ ಬೆಳ್ಳಗೆ ಮಾಡಿ ಅಂಟಿಸಬಾರದು. ಅದಕ್ಕೆ ಮೂಲ ಫೋಟೊ ಮತ್ತು ಎಐ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿ. ಮಚ್ಚೆ, ಮೂಗುಬಟ್ಟು, ಹಚ್ಚೆ, ಹಲ್ಲಿನ ಸಾಲು ಇದೆಯಾ ನೋಡಿ. ಬ್ಯಾನರ್ ಮೇಲಿನ ಕನ್ನಡ ಅಕ್ಷರ ಓದಿ. ಒತ್ತಕ್ಷರ ಹುಳದ ಥರ ಸುತ್ತಿಕೊಂಡಿದ್ದರೆ ಯಂತ್ರ ಆ ಜಾಗವನ್ನೂ ಹೊಸದಾಗಿ ಬರೆದಿದೆ ಅಂತ ಅರ್ಥ. ನೀಲಿ ಬಾವುಟದ ಚಕ್ರದಲ್ಲಿ 24 ಗೆರೆ ಇದೆಯಾ ಎಣಿಸಿ. ಹಿನ್ನೆಲೆ ಮಾತ್ರ ಬದಲಿಸು ಅಂತ ಹೇಳಿದ್ದರೂ ಮುಖ ಬದಲಾಗಿರಬಹುದು.

ಮುಖದ ಒಂದು ಸಣ್ಣ ಬದಲಾವಣೆ ಎಷ್ಟು ದೊಡ್ಡ ಸುಳ್ಳಾಗುತ್ತೆ ಅನ್ನೋದಕ್ಕೆ ದೇಶವೇ ನೋಡಿದ ಉದಾಹರಣೆ ಇದೆ. 2023ರ ಮೇ 28ರಂದು ದೆಹಲಿಯಲ್ಲಿ ಹೋರಾಟನಿರತ ಕುಸ್ತಿಪಟುಗಳನ್ನ ಪೊಲೀಸರು ಎತ್ತಿಕೊಂಡು ಹೋದರು. ವಾಹನದಲ್ಲಿ ಕೂತ ವಿನೇಶ್ ಫೋಗಟ್, ಸಂಗೀತಾ ಫೋಗಟ್ ಅವರ ಸೆಲ್ಫಿ ಹೊರಗೆ ಬಂತು. ಅದರಲ್ಲಿ ಯಾರೂ ನಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಫೋಟೊ, ಅದೇ ಸೀಟು, ಅದೇ ಬಟ್ಟೆ, ಆದರೆ ಮುಖದಲ್ಲಿ ನಗು ಇರೋದು ಹರಿದಾಡಿತು. "ಇದೆಲ್ಲ ನಾಟಕ, ನೋಡಿ ಹೇಗೆ ನಗ್ತಿದ್ದಾರೆ" ಅಂತ ಹಂಚಿದರು. ಬಜರಂಗ್ ಪೂನಿಯಾ ಅದು ನಕಲಿ ಅಂತ ಹೇಳಬೇಕಾಯ್ತು. ಸತ್ಯ ಪರಿಶೀಲನೆ ಮಾಡುವವರು ಮೂಲ ಫೋಟೊವನ್ನ ಫೇಸ್‌ಆ್ಯಪ್ ಅನ್ನೋ ಆ್ಯಪ್‌ಗೆ ಹಾಕಿ ನೋಡಿದಾಗ ಅಂಥದ್ದೇ ನಗು ಬಂತು.

ಆಗ ನಾವೆಲ್ಲ ಸಿಟ್ಟಾದೆವು, ಸಿಟ್ಟಾಗಬೇಕಾದ್ದೇ. ಆದರೆ ಅಳದವರ ಕಣ್ಣಲ್ಲಿ ನೀರು ಹಾಕೋದೂ, ನಗದವರ ಬಾಯಲ್ಲಿ ನಗು ಹಾಕೋದೂ ಯಂತ್ರದ ಮಟ್ಟಿಗೆ ಒಂದೇ ಕೆಲಸ. ಅವರು ಅವಮಾನಕ್ಕೆ ಮಾಡಿದರು, ನಾವು ಅನುಕಂಪಕ್ಕೆ ಮಾಡ್ತೀವಿ, ಅದು ದೊಡ್ಡ ವ್ಯತ್ಯಾಸವೇ, ಒಪ್ತೀನಿ. ಆದರೂ ಆ ಮುಖದ ಒಡತಿಯನ್ನ ಕೇಳದೇ ಇರೋದು ಎರಡು ಕಡೆಯೂ ಒಂದೇ.

ಹಾಗಾದರೆ ನಿಜವಾದವರ ಮುಖ ಬೇಡ, ಪೂರ್ತಿ ಕಲ್ಪನೆಯ ಮುಖವೇ ಬಳಸೋಣ ಅಂತ ಕೆಲವರು ಹೇಳ್ತಾರೆ. ಅದಕ್ಕೂ ಒಂದು ಪಾಠ ಇದೆ. 2021ರ ಕೊಲಂಬಿಯಾ ಹೋರಾಟದ ಮೇಲಿನ ಪೊಲೀಸ್ ದೌರ್ಜನ್ಯದ ಬಗ್ಗೆ ಆಮ್ನೆಸ್ಟಿಯ ನಾರ್ವೆ ಘಟಕ 2023ರಲ್ಲಿ ಎಐ ಚಿತ್ರಗಳನ್ನ ಹಾಕಿತ್ತು. ಪ್ರತಿಭಟನಾಕಾರರ ಗುರುತು ಕಾಪಾಡೋಕೆ ಹೀಗೆ ಮಾಡಿದ್ದು ಅಂದರು. ಎಐ ಅಂತ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ಆದರೆ ಒಂದು ಚಿತ್ರದಲ್ಲಿ ಕೊಲಂಬಿಯಾದ ಬಾವುಟದ ಬಣ್ಣಗಳ ಸಾಲೇ ತಪ್ಪಾಗಿತ್ತು. ಟೀಕೆ ಬಂದ ಮೇಲೆ ಚಿತ್ರಗಳನ್ನ ತೆಗೆದರು. ನಡೆದ ದೌರ್ಜನ್ಯಕ್ಕೆ ನಿಜವಾದ ಫೋಟೊ, ಸಾಕ್ಷಿ ಇದ್ದಾಗ ಕಲ್ಪನೆಯ ಚಿತ್ರ ತಂದರೆ, ನಿಜವನ್ನೂ ಅನುಮಾನಿಸೋಕೆ ಎದುರಿನವರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಈಗ ಕಾನೂನು ಏನು ಹೇಳುತ್ತೆ ನೋಡೋಣ. ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ಕೇಂದ್ರ ಸರ್ಕಾರ 2026ರ ಫೆಬ್ರುವರಿಯಲ್ಲಿ ತಿದ್ದುಪಡಿ ತಂದಿದೆ. ನಿಜದ ಥರ ಕಾಣುವ ಎಐ ಚಿತ್ರ, ವಿಡಿಯೊ, ಧ್ವನಿಗೆ ಎದ್ದು ಕಾಣುವ ಲೇಬಲ್ ಇರಬೇಕು. ಹಾಕುವಾಗ ಇದು ಎಐನಿಂದ ಮಾಡಿದ್ದಾ ಅಂತ ದೊಡ್ಡ ಸೋಷಿಯಲ್ ಮೀಡಿಯಾ ಕಂಪನಿಗಳು ನಮ್ಮನ್ನ ಕೇಳಬೇಕು. ಬಣ್ಣ ತಿದ್ದೋದು, ಸೈಜ್ ಕಮ್ಮಿ ಮಾಡೋದು ಇಂಥ ಮಾಮೂಲಿ ತಿದ್ದುಪಡಿ ಇದರಲ್ಲಿ ಬರಲ್ಲ. ಇವೆಲ್ಲ ಸರಿ, ಆದರೆ ಇದರ ಒತ್ತು ಲೇಬಲ್ ಮೇಲೆ. ಧರಣಿಯಲ್ಲಿ ಕೂತ ಅಕ್ಕನ ಮುಖದಿಂದ ಪೋಸ್ಟರ್ ಮಾಡೋಕೆ ಆಕೆಯನ್ನ ಕೇಳಿದಿರಾ ಅಂತ ಕಂಪನಿ ನಿಮ್ಮನ್ನ ಕೇಳಲ್ಲ. ಅದನ್ನ ನಾವೇ ಕೇಳ್ಕೋಬೇಕು.

ಒಂದು ಕಡೆ ಮಾತ್ರ ಮಾಮೂಲಿ ಒಪ್ಪಿಗೆ ಸಾಲದು. ಅತ್ಯಾಚಾರಕ್ಕೆ ಒಳಗಾದವರ ಗುರುತು ತಿಳಿಯುವ ಹಾಗೆ ಪ್ರಕಟಿಸೋದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳಿದ್ದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಇದೆ. "ಅಪ್ಪ ಅಮ್ಮ ಒಪ್ಪಿದ್ದಾರೆ" ಅಂತಲೋ "ಎಐನಲ್ಲಿ ಮುಖ ಬದಲಿಸಿದ್ದೀವಿ" ಅಂತಲೋ ಪೋಸ್ಟರ್ ಮಾಡಬೇಡಿ. ಮುಖ ಬದಲಿಸಿದರೂ ಅದೇ ಯೂನಿಫಾರ್ಮ್, ಅದೇ ಮನೆ ಬಾಗಿಲು ಉಳಿದರೆ ಊರವರಿಗೆ ಗುರುತು ಸಿಕ್ಕೇ ಸಿಗುತ್ತೆ. ಅಲ್ಲಿ ಮುಖವೇ ಇಲ್ಲದ ಪೋಸ್ಟರ್ ಮಾಡಿ, ಬರೀ ಅಕ್ಷರ ಸಾಕು.

ಇನ್ನು ಒಪ್ಪಿಗೆ ಕೇಳೋದು ಹೇಗೆ ಅನ್ನೋದು. ನಾನು ಕಚೇರಿಯಲ್ಲಿ ಕಡತ ನೋಡುವ ಗುಮಾಸ್ತ. ಹಳೇ ಪತ್ರಗಳ ಕೊನೆಯಲ್ಲಿ "ಓದಿ ಹೇಳಲಾಗಿ ಕೇಳಿ ಸರಿಯೆಂದು ಒಪ್ಪಿ" ಅನ್ನೋ ಸಾಲು, ಅದರ ಕೆಳಗೆ ಹೆಬ್ಬೆಟ್ಟು ಇರುತ್ತೆ. ಎಷ್ಟು ಪತ್ರ ನಿಜವಾಗಿ ಓದಿ ಹೇಳಿದ್ದು ಅಂತ ನಮ್ಮ ಅಜ್ಜಂದಿರನ್ನ ಕೇಳಿ. ಹೆಬ್ಬೆಟ್ಟು ಒತ್ತಿಸ್ಕೊಂಡೇ ಮಂಜೂರಾತಿ ಜಮೀನು ಕಿತ್ಕೊಂಡರು, ಅದನ್ನ ತಡೆಯೋಕೆ 1978ರಲ್ಲಿ ಪಿಟಿಸಿಎಲ್ ಕಾಯ್ದೆಯೇ ಬರಬೇಕಾಯ್ತು. ಆ ಇತಿಹಾಸ ಇರೋ ನಾವು "ಅಕ್ಕ, ಫೋಟೊ ಹಾಕ್ಕೊಳ್ತೀವಿ, ಆಯ್ತಾ?" ಅಂತ ಕೇಳಿ, ಆಕೆ ತಲೆ ಅಲ್ಲಾಡಿಸಿದ್ದನ್ನ ಒಪ್ಪಿಗೆ ಅನ್ನಬಾರದು.

ಮೊದಲನೇದಾಗಿ, ಕೇಳಬೇಕಾದ್ದು ಪೋಸ್ಟ್ ಮಾಡುವ ಮೊದಲಲ್ಲ, ಆ್ಯಪ್‌ಗೆ ಹಾಕುವ ಮೊದಲು. ಆ್ಯಪ್‌ಗೆ ಹಾಕಿದ ಕ್ಷಣ ಆಕೆಯ ಮುಖ ಯಾವುದೋ ಕಂಪನಿಯ ಕಂಪ್ಯೂಟರ್‌ಗೆ ಹೋಯ್ತು. ಪೋಸ್ಟರ್ ಆಮೇಲೆ ಬೇಡ ಅಂದರೂ ಅದು ವಾಪಸ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಏನು ಬದಲಿಸ್ತೀವಿ, ಯಾಕೆ, ಎಲ್ಲಿ ಹಾಕ್ತೀವಿ ಅಂತ ಹೇಳಿ. ವಾಟ್ಸಾಪ್‌ಗೆ ಹೋದ ಮೇಲೆ ಎಲ್ಲ ಫೋನಿನಿಂದಲೂ ತೆಗೆಸೋಕೆ ನಮ್ಮ ಕೈಲಾಗಲ್ಲ ಅನ್ನೋದನ್ನೂ ಮುಚ್ಚಿಡದೆ ಹೇಳಿ.

ಎರಡನೇದು, ಚಿತ್ರ ಮುಗಿದ ಮೇಲೆ ಮತ್ತೆ ತೋರಿಸಿ. ಬಾಯಲ್ಲಿ ವಿವರಿಸಿದರೆ ಸಾಲದು, ಫೋನ್ ಆಕೆ ಕೈಗೆ ಕೊಡಿ. "ಇದು ನೀವೇನಾ ಅಕ್ಕ?" ಅಂತ ಕೇಳಿ. ಆಕೆ ಅಲ್ಲ ಅಂದರೆ ಚಿತ್ರ ಅಲ್ಲಿಗೇ ನಿಂತಿತು. ಮನೆಯವರ ಜೊತೆ ಮಾತಾಡೋಕೆ ಒಂದು ರಾತ್ರಿ ಸಮಯ ಕೊಡಿ.

ಮೂರನೇದು, ಯಾರು ಕೇಳ್ತಾರೆ ಅನ್ನೋದು ಮುಖ್ಯ. ಸಂಬಳ ಕೊಡಿಸ್ತಿರುವ ಲೀಡರ್ ಎದುರಿಗೆ ನಿಂತು ಕೇಳಿದರೆ ಯಾರು ಬೇಡ ಅಂತಾರೆ? "ನೀವು ಹೇಳಿದ ಹಂಗೆ ಸಾರ್" ಅನ್ನೋದು ಒಪ್ಪಿಗೆಯಲ್ಲ, ಋಣ. ಆಕೆಯ ಜೊತೆ ಕೆಲಸ ಮಾಡುವ ಇನ್ನೊಬ್ಬ ಹೆಂಗಸು ಒಬ್ಬರೇ ಇದ್ದಾಗ ಕೇಳಲಿ. ಬೇಡ ಅಂದರೂ ಸಂಘದ ಬೆಂಬಲ ನಿಲ್ಲಲ್ಲ ಅಂತ ಬಾಯಿಬಿಟ್ಟು ಹೇಳಲಿ. ಒಪ್ಪಿದರೆ ಅವರ ಮಾತಲ್ಲೇ ಒಂದು ವಾಯ್ಸ್ ರೆಕಾರ್ಡ್ ಇಟ್ಟುಕೊಳ್ಳಿ, ಯಾವ ಚಿತ್ರ, ಯಾವ ಕೆಲಸಕ್ಕೆ, ಯಾವ ದಿನಾಂಕ ಅಂತ. ಈ ಧರಣಿಗೆ ಕೊಟ್ಟ ಒಪ್ಪಿಗೆ ಮುಂದಿನ ವರ್ಷದ ಸಮಾವೇಶಕ್ಕೆ ನಡೆಯಲ್ಲ.

ಲೇಬಲ್ ಹೇಗಿರಬೇಕು? ಬರೀ "ಎಐ ಚಿತ್ರ" ಅಂದರೆ ಏನಾಯ್ತು ಅಂತ ಮೇಲೆ ನೋಡಿದಿರಿ, ಹೆಂಗಸೇ ಇಲ್ಲ ಅಂದುಬಿಟ್ಟರು. ಹಾಗಾಗಿ ಲೇಬಲ್ ಎರಡನ್ನೂ ಹೇಳಬೇಕು, ಯಾವುದು ನಿಜ, ಯಾವುದು ಯಂತ್ರ ಮಾಡಿದ್ದು. ಆ ಅಕ್ಕ ಹೇಳಿದ ಥರದ ಪೋಸ್ಟರ್ ಮಾಡಿದ್ದರೆ ಲೇಬಲ್ ಹೀಗಿರಬಹುದಿತ್ತು: "ಧರಣಿಯಲ್ಲಿ ಕೂತ ನಿಜವಾದ ಪೌರಕಾರ್ಮಿಕರ ಫೋಟೊದಿಂದ, ಅವರ ಒಪ್ಪಿಗೆ ಪಡೆದು, ಎಐ ಬಳಸಿ ಮಾಡಿದ ಚಿತ್ರ. ಕೈಯಲ್ಲಿರುವ ಚೀಟಿ ಮತ್ತು ಹಿನ್ನೆಲೆ ಎಐ. ಮೂರು ತಿಂಗಳ ಸಂಬಳ ಬಾಕಿ ನಿಜ. ಮೂಲ ಫೋಟೊ ನಮ್ಮಲ್ಲಿದೆ." ಆಗ ನೆಂಟರೂ ದಾರಿ ತಪ್ಪುತ್ತಿರಲಿಲ್ಲ, ಅಧಿಕಾರಿಗೂ ನುಣುಚಿಕೊಳ್ಳೋಕೆ ಆಗ್ತಿರಲಿಲ್ಲ.

ಇದನ್ನ ಕ್ಯಾಪ್ಷನ್‌ನಲ್ಲಿ ಬರೆದರೆ ಫಾರ್ವರ್ಡ್‌ನಲ್ಲಿ ಉದುರುತ್ತೆ. ಮೂಲೆಯಲ್ಲಿ ಬರೆದರೆ ಕತ್ತರಿಸ್ತಾರೆ. ಕಡತದೊಳಗೆ ಅಡಗಿರುವ ಮಾಹಿತಿ ಸ್ಕ್ರೀನ್‌ಶಾಟ್ ತೆಗೆದರೆ ಹೋಗುತ್ತೆ. ಹಾಗಾಗಿ ಚಿತ್ರದ ಒಳಗೇ, ಎದೆಯ ಮಟ್ಟದಲ್ಲಿ, ಅಡ್ಡಪಟ್ಟಿ ಹಾಕಿ ಬರೀರಿ. ಕತ್ತರಿಸಬೇಕಾದರೆ ಚಿತ್ರವೇ ಅರ್ಧ ಹೋಗಬೇಕು. ಕನ್ನಡದಲ್ಲೇ ಬರೀರಿ, ಸಣ್ಣ ಫೋನಿನಲ್ಲಿ ಕನ್ನಡಕ ಹಾಕುವವರಿಗೂ ಓದೋಕೆ ಬರಲಿ.

ಮೂಲ ಫೋಟೊ ಬಗ್ಗೆ ಒಂದು ಮಾತು. ಮಾಮೂಲಿ ಥರ ವಾಟ್ಸಾಪ್‌ನಲ್ಲಿ ಕಳಿಸಿದರೆ ಫೋಟೊ ಕುಗ್ಗುತ್ತೆ, ತೆಗೆದ ದಿನ ಸಮಯದ ವಿವರ ಹೋಗುತ್ತೆ. ಅದಕ್ಕೆ ಡಾಕ್ಯುಮೆಂಟ್ ಆಗಿ ಕಳಿಸಿ, ತೆಗೆದವರ ಫೋನಿನಲ್ಲೂ ಉಳಿಸಿ. ದೌರ್ಜನ್ಯದ ಪ್ರಕರಣವಾದರೆ ಗಾಯದ ಫೋಟೊವನ್ನ ಎಐ ಹತ್ತಿರವೂ ತರಬೇಡಿ. ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಸರ್ಟಿಫಿಕೇಟ್ ಕೊಡಬೇಕು, ಅದರಲ್ಲಿ ಫೈಲ್‌ನ ಹ್ಯಾಶ್ ಸಂಖ್ಯೆ ಬರೀಬೇಕು. ಫೈಲ್‌ನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತೆ. ಊರೆಲ್ಲ ಎಐ ಚಿತ್ರ ಓಡಾಡ್ತಿದ್ದರೆ ಆರೋಪಿ ಕಡೆಯ ವಕೀಲರು ಅದನ್ನೇ ಎತ್ತಿ ತೋರಿಸಿ, ಯಾವುದು ನಿಜ ಯಾವುದು ಮಾಡಿದ್ದು ಅಂತ ನಮ್ಮವರನ್ನ ಕಟಕಟೆಯಲ್ಲಿ ನಿಲ್ಲಿಸಿ ಕೇಳ್ತಾರೆ.

"ಹೋರಾಟಕ್ಕೆ ಬಂದವರು ಫೋಟೊಗೂ ಒಪ್ಪಿದ ಹಾಗೇ ಅಲ್ವಾ?" ಅನ್ನುವವರಿಗೆ ಹೇಳ್ತೀನಿ, ಧರಣಿಯಲ್ಲಿ ಕೂರೋಕೆ ಒಪ್ಪಿದ್ದು ನಿಜ, ಗುಂಡಿಯಲ್ಲಿ ನಿಲ್ಲೋಕೆ ಒಪ್ಪಿರಲಿಲ್ಲ. ಇದ್ದದ್ದನ್ನ ಇದ್ದ ಹಾಗೆ ತೋರಿಸೋದಕ್ಕೂ, ಮಾಡದ ಕೆಲಸವನ್ನ ಮಾಡಿದ ಹಾಗೆ ತೋರಿಸೋದಕ್ಕೂ ವ್ಯತ್ಯಾಸ ಇದೆ. "ಅರ್ಜೆಂಟ್ ಇರುತ್ತೆ ಅಣ್ಣ, ಕೇಳ್ತಾ ಕೂರೋಕಾಗಲ್ಲ" ಅಂದರೆ, ಅರ್ಜೆಂಟ್ ಇದ್ದಾಗ ಮೂಲ ಫೋಟೊವನ್ನೇ ಹಾಕಿ. ಆ ಅಕ್ಕನೂ ಅದನ್ನೇ ಹೇಳಿದ್ದು.

ಬಾಬಾಸಾಹೇಬರ ಎಐ ಚಿತ್ರಗಳ ಬಗ್ಗೆಯೂ ಕೇಳ್ತೀರಿ. ಅವರ ಒಪ್ಪಿಗೆ ಕೇಳೋಕೆ ದಾರಿ ಇಲ್ಲ, ಆದ್ದರಿಂದ ಲೇಬಲ್ ಇನ್ನೂ ಬಿಗಿಯಾಗಿರಬೇಕು. 1927ರ ಮಹಾಡ್ ಕೆರೆಯ ಎಐ ಚಿತ್ರವನ್ನ ನಿಜವಾದ ಫೋಟೊ ಅಂತ ನಮ್ಮ ಮಕ್ಕಳು ಶಾಲೆಯ ಪ್ರಾಜೆಕ್ಟ್‌ಗೆ ಅಂಟಿಸಿದರೆ, ನಾಳೆ ಅದು ಸುಳ್ಳು ಅಂತ ಗೊತ್ತಾದ ದಿನ ಮಹಾಡ್ ನಡೆದದ್ದೇ ಸುಳ್ಳು ಅನ್ನೋಕೆ ಜನ ಕಾದಿದ್ದಾರೆ. 1935ರಲ್ಲೇ ತೀರಿಕೊಂಡ ರಮಾಬಾಯಿಯವರ ಮುಖವನ್ನ ನಮಗೆ ಬೇಕಾದ ಹಾಗೆ ಬೆಳ್ಳಗೆ ಮಾಡಬೇಡಿ, ಇರುವ ಫೋಟೊದಲ್ಲಿ ಅವರು ಹೇಗಿದ್ದಾರೋ ಹಾಗೇ ಇರಲಿ.

ಅಡ್ಮಿನ್‌ಗಳಿಗೆ ಒಂದು ಕೋರಿಕೆ. ಎಐ ಪೋಸ್ಟರ್ ಬಂದ ಕೂಡಲೇ ಗ್ರೂಪಲ್ಲೇ ಎರಡು ಪ್ರಶ್ನೆ ಕೇಳಿ: ಈ ಮುಖದವರನ್ನ ಯಾರು ಕೇಳಿದಿರಿ? ಮೂಲ ಫೋಟೊ ಯಾರ ಹತ್ತಿರ ಇದೆ? ಎರಡಕ್ಕೂ ಉತ್ತರ ಬರೋವರೆಗೆ ಫಾರ್ವರ್ಡ್ ಬೇಡ. ಆ ಅಕ್ಕನ ಚಿತ್ರ ಇನ್ನೂ ಯಾರ ಫೋನಲ್ಲಾದರೂ ಇದ್ದರೆ, ಕಾಮೆಂಟ್‌ನಲ್ಲಿ ಹಾಕಿ ಚರ್ಚೆ ಮಾಡೋದು ಬೇಡ, ಸುಮ್ನೆ ಡಿಲೀಟ್ ಮಾಡಿ.

ಜೈ ಭೀಮ್.